ಕಣ್ಣಲ್ಲಿ ಮಿಂಚು, ಮುಂದೆ ತೇಲುವ ಚುಕ್ಕೆ: ಹೊಸ ಕನ್ನಡಕ ಬರುವವರೆಗೆ ಕಾಯಬಹುದೇ?

ಪ್ರಶ್ನೆ: ನನಗೆ 56 ವರ್ಷ, ಬೆಂಗಳೂರಿನ ವಿಜಯನಗರದಲ್ಲಿ ವಾಸ. ಹೈಸ್ಕೂಲಿನಿಂದಲೂ ಕನ್ನಡಕವಿದೆ, ಈಗ ಎರಡೂ ಕಣ್ಣಿಗೆ ಮೈನಸ್ 6ರ ಆಸುಪಾಸು ಪವರ್. ಮೊನ್ನೆ ರಾತ್ರಿಯಿಂದ ಕತ್ತಲಲ್ಲಿ ಕಣ್ಣು ಹೊರಳಿಸಿದರೆ ಬಲಗಣ್ಣಿನ ಹೊರ ಅಂಚಿನಲ್ಲಿ ಮಿಂಚು ಹೊಳೆದಂತಾಗುತ್ತದೆ. ನಿನ್ನೆಯಿಂದ ಅದೇ ಕಣ್ಣಿನ ಮುಂದೆ ಮಸಿ ಉದುರಿದಂತೆ ಕಪ್ಪು ಚುಕ್ಕೆಗಳು ತೇಲುತ್ತಿವೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿ, ಕೊನೆಯ ಸಾಲಿನವರೆಗೂ ಓದಿಸಿ, ಪವರ್ ಸ್ವಲ್ಪ ಬದಲಾಗಿದೆ, ಸೋಮವಾರ ಹೊಸ ಕನ್ನಡಕ ಕೊಡುತ್ತೇವೆ ಎಂದರು. ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಕಾಯಬೇಡಿ. ಇಂದೇ, ತೀರಾ ಆಗದಿದ್ದರೆ ನಾಳೆ ಬೆಳಿಗ್ಗೆಯೇ, ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟವನ್ನು, ಅಂದರೆ ರೆಟಿನಾವನ್ನು, ಅಂಚಿನವರೆಗೂ ನೋಡಬಲ್ಲ ಕಣ್ಣಿನ ವೈದ್ಯರ ಬಳಿ ಹೋಗಿ. ಅಂಗಡಿಯವರು ನಿಮಗೆ ಸುಳ್ಳು ಹೇಳಿಲ್ಲ; ಆದರೆ ಅವರ ಯಂತ್ರವೂ ಗೋಡೆಯ ಮೇಲಿನ ಅಕ್ಷರಗಳ ಫಲಕವೂ ಅಳೆಯುವುದು ಅಕ್ಷಿಪಟದ ನಟ್ಟನಡುವಿನ ಪುಟ್ಟ ಭಾಗದ ನೋಟವನ್ನು ಮಾತ್ರ. ನಿಮಗೆ ತೊಂದರೆ ಹುಟ್ಟಿರಬಹುದಾದ ಜಾಗ ಅದಲ್ಲ, ಅಂಚು. ಅಂಚಿನಲ್ಲಿ ಹರಿದಿರುವ ಕಣ್ಣು ಕೂಡ ಕೊನೆಯ ಸಾಲನ್ನು ತಡವರಿಸದೆ ಓದಬಲ್ಲದು.

ಕಣ್ಣುಗುಡ್ಡೆಯ ಒಳಗೆ, ಮಸೂರದ ಹಿಂದೆ, ಸುಮಾರು 4 ಮಿಲಿಲೀಟರಿನಷ್ಟು ಲೋಳೆಯಂಥ ತಿಳಿಯಾದ ವಸ್ತು ತುಂಬಿರುತ್ತದೆ. ವಯಸ್ಸಾದಂತೆ ಅದು ಅಲ್ಲಲ್ಲಿ ನೀರಾಗಿ, ಕುಗ್ಗಿ, ಒಂದು ದಿನ ಹಿಂದಿನ ಅಕ್ಷಿಪಟದಿಂದ ಬಿಟ್ಟುಕೊಳ್ಳುತ್ತದೆ. ಐವತ್ತು ದಾಟಿದ ಬಹಳ ಮಂದಿಯಲ್ಲಿ ಇದು ಆಗುತ್ತದೆ. ನಿಮ್ಮ ಹಾಗೆ ಹೆಚ್ಚು ಮೈನಸ್ ಪವರ್ ಇರುವವರಲ್ಲಿಯೂ ಪೊರೆಯ ಆಪರೇಷನ್ ಆದವರಲ್ಲಿಯೂ ಇನ್ನೂ ಬೇಗ ಆಗಬಹುದು. ಬಿಟ್ಟುಕೊಳ್ಳುವಾಗ ಲೋಳೆ ಅಕ್ಷಿಪಟವನ್ನು ಎಳೆಯುತ್ತದೆ. ಅಕ್ಷಿಪಟಕ್ಕೆ ನೋವು ತಿಳಿಯುವ ನರಗಳಿಲ್ಲ, ಅದಕ್ಕೆ ಗೊತ್ತಿರುವುದು ಬೆಳಕೊಂದೇ. ಆದ್ದರಿಂದ ಆ ಎಳೆತವೂ ನಿಮಗೆ ಮಿಂಚಾಗಿಯೇ ಕಾಣುತ್ತದೆ. ನೋವಿಲ್ಲವೆಂದು ಸಮಾಧಾನ ಪಡಬಾರದು ಎನ್ನುವುದು ಇದಕ್ಕೇ.

ಹೆಚ್ಚಿನವರಲ್ಲಿ ಲೋಳೆ ಯಾವ ಹಾನಿಯನ್ನೂ ಮಾಡದೆ ಬಿಟ್ಟುಕೊಳ್ಳುತ್ತದೆ. ಆದರೆ ಹೀಗೆ ಹಠಾತ್ತನೆ ಮಿಂಚು, ಚುಕ್ಕೆಗಳೊಂದಿಗೆ ಬರುವವರನ್ನು ಪರೀಕ್ಷಿಸಿದಾಗ, ಸುಮಾರಾಗಿ ಏಳೆಂಟು ಜನರಲ್ಲಿ ಒಬ್ಬರಲ್ಲಿ ಅದು ಅಂಟಿಕೊಂಡಿದ್ದ ಕಡೆ ಅಕ್ಷಿಪಟವನ್ನೇ ಹರಿದಿರುವುದು ಕಂಡುಬರುತ್ತದೆ. ಒಂದೆರಡು ಎಳೆ ತೇಲುವುದು ಬೇರೆ, ಮಸಿ ಉದುರಿದಂತೆ ಒಮ್ಮೆಲೇ ಹತ್ತಾರು ಚುಕ್ಕೆ ಬರುವುದು ಬೇರೆ. ಎರಡನೆಯದು ಅನೇಕ ವೇಳೆ ಹರಿದ ಜಾಗದ ಸಣ್ಣ ರಕ್ತನಾಳದಿಂದ ಒಸರಿದ ರಕ್ತ, ಅಥವಾ ಹರಿದಲ್ಲಿಂದ ಬಿಡುಗಡೆಯಾದ ಬಣ್ಣದ ಕಣಗಳು. ನಿಮ್ಮ ವಿವರಣೆಯಲ್ಲಿ ನನ್ನನ್ನು ಅತಿಯಾಗಿ ಚಿಂತೆಗೀಡುಮಾಡಿದ್ದು ಆ 'ಮಸಿ' ಎಂಬ ಮಾತೇ.

ಹರಿದ ಮಾತ್ರಕ್ಕೆ ದೃಷ್ಟಿ ಹೋಗುವುದಿಲ್ಲ. ಕಣ್ಣೊಳಗಿನ ನೀರು ಆ ಹರಕಿನಿಂದ ಅಕ್ಷಿಪಟದ ಹಿಂದಕ್ಕೆ ನುಗ್ಗಿ, ನೆನೆದ ಗೋಡೆಯಿಂದ ಸುಣ್ಣದ ಪದರ ಏಳುವಂತೆ ಅದನ್ನು ಎಬ್ಬಿಸುತ್ತಾ ಬಂದಾಗ ನೆರಳು ಶುರುವಾಗುತ್ತದೆ. ಇದಕ್ಕೆ ಕೆಲವರಲ್ಲಿ ಗಂಟೆಗಳು ಸಾಕು, ಕೆಲವರಲ್ಲಿ ವಾರಗಳೇ ಹಿಡಿಯುತ್ತವೆ. ಮೇಲ್ಭಾಗದ ಹರಕಾದರೆ ನೀರಿನ ಭಾರವೂ ಸೇರಿ ಬೇಗ ಹಬ್ಬುತ್ತದೆ. ಅಕ್ಷಿಪಟದ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ ಮೇಲಿನ ಹರಕಿನ ನೆರಳು ಕಾಣುವುದು ಕೆಳಗಿನಿಂದ.

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. ಅವರು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ, ಐವತ್ತೆರಡರ ಹೆಣ್ಣುಮಗಳು. ಗುರುವಾರ ಕರೆಂಟು ಹೋದಾಗ ಎಡಗಣ್ಣಿನಲ್ಲಿ ಮಿಂಚು ಕಂಡಿತು, ಭಾನುವಾರ ಚುಕ್ಕೆಗಳು ಬಂದವು, ಸೋಮವಾರ ಕನ್ನಡಕಕ್ಕೆ ಅಳತೆ ಕೊಟ್ಟರು. ಮಂಗಳವಾರ ಬೆವರು ಒರೆಸಿಕೊಳ್ಳಲು ಬಲಗಣ್ಣು ಮುಚ್ಚಿದಾಗ, ಯಂತ್ರದ ಮೇಲಿನ ಬಟ್ಟೆಯ ಬಲ ಕೆಳಮೂಲೆ ಇರಲೇ ಇಲ್ಲ. ಮೂಗಿನ ಬದಿಯ ನೋಟವನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಆದ್ದರಿಂದ ಎರಡೂ ಕಣ್ಣು ತೆರೆದಿದ್ದಾಗ ಅವರಿಗೆ ತಿಳಿದೇ ಇರಲಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿದೆಯಲ್ಲ ಎಂದು ಆ ದಿನವೂ ಸುಮ್ಮನಾದರು. ಗುರುವಾರ ಸೂಜಿಯೂ ಆ ಕಣ್ಣಿಗೆ ಕಾಣದಾದಾಗ ಬಂದರು. ಎಡಗಣ್ಣಿನ ಮೇಲಿನ ಹೊರ ಅಂಚಿನಲ್ಲಿ, ಗಡಿಯಾರದ ಎರಡು ಗಂಟೆಯ ಜಾಗದಲ್ಲಿ, ಕುದುರೆ ಲಾಳದ ಆಕಾರದ ಹರಕಿತ್ತು. ಓದಲು, ಮುಖ ಗುರುತಿಸಲು ಬೇಕಾದ ನಡುವಿನ ಭಾಗವೂ ಎದ್ದುಹೋಗಿತ್ತು. ಆಪರೇಷನ್ ಮಾಡಿ, ಕಣ್ಣೊಳಗೆ ಗ್ಯಾಸ್ ತುಂಬಿಸಿ, ದಿನಗಟ್ಟಲೆ ತಲೆ ತಗ್ಗಿಸಿ ಇರಿಸಿದ ಮೇಲೆ ಅಕ್ಷಿಪಟ ಮತ್ತೆ ಕೂತಿತು. ಆದರೆ ಇಂದಿಗೂ ಆ ಕಣ್ಣಿಗೆ ನೇರ ಹೊಲಿಗೆ ಸೊಟ್ಟಗೆ ಕಾಣುತ್ತದೆ.

ಭಾನುವಾರವೇ ಬಂದಿದ್ದರೆ ಬಹುಶಃ ಲೇಸರ್ ಸಾಕಾಗುತ್ತಿತ್ತು. ಹರಕಿನ ಸುತ್ತ ಲೇಸರ್ ಚುಕ್ಕೆಗಳ ಎರಡು ಮೂರು ಸಾಲು ಹಾಕಿ ಅಂಚನ್ನು ಬೆಸೆಯುವ ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಬೆಸುಗೆ ಗಟ್ಟಿಯಾಗಲು ಹತ್ತು ಹದಿನಾಲ್ಕು ದಿನ ಬೇಕು. ನೆರಳು ಬಂದಿದ್ದರೂ ನಡುವಿನ ಭಾಗ ಏಳುವ ಮೊದಲೇ ಆಪರೇಷನ್ ಆದರೆ ಓದುವ ನೋಟ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆದ್ದರಿಂದ ನೆರಳು ಕಂಡ ದಿನ ನಾಳೆಯ ಮಾತೇ ಬೇಡ.

ಹೊರಡುವ ಮುನ್ನ ಗೋಡೆಯ ಕ್ಯಾಲೆಂಡರಿನ ನಡುವಿನ ಒಂದು ಅಂಕಿಯನ್ನು ದಿಟ್ಟಿಸುತ್ತಾ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಮೂಲೆಯಾದರೂ ಮಸುಕಾಗಿದ್ದರೆ ವೈದ್ಯರಿಗೆ ತಿಳಿಸಿ. ಮೂಲೆಗಳೆಲ್ಲ ಸರಿಯಾಗಿ ಕಂಡರೂ ಹೋಗಲೇಬೇಕು, ಏಕೆಂದರೆ ಸಣ್ಣ ಹರಕು ಈ ಪರೀಕ್ಷೆಗೆ ಸಿಗುವುದಿಲ್ಲ. ಎರಡೂ ಕಣ್ಣಿನಲ್ಲಿ ಅಂಕುಡೊಂಕಾದ ಹೊಳೆಯುವ ಗೆರೆ ಹರಡಿ, ಅರ್ಧ ಗಂಟೆಯಲ್ಲಿ ಹೋಗುವುದು ಸಾಮಾನ್ಯವಾಗಿ ಮೈಗ್ರೇನಿನದು. ನಿಮ್ಮ ಮಿಂಚು ಒಂದೇ ಕಣ್ಣಿನದು, ಕ್ಷಣಮಾತ್ರದ್ದು. ಯಾರಿಗಾದರೂ ನೋವಿಲ್ಲದೆ ಒಂದು ಕಣ್ಣು ಇದ್ದಕ್ಕಿದ್ದಂತೆ ಪೂರ್ತಿ ಕತ್ತಲಾದರೆ ಅದು ರಕ್ತನಾಳ ಕಟ್ಟಿಕೊಂಡದ್ದಿರಬಹುದು, ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಮಿಂಟೋ ಕಣ್ಣಾಸ್ಪತ್ರೆಗಾಗಲಿ, ಮನೆಗೆ ಹತ್ತಿರದ ರೆಟಿನಾ ವೈದ್ಯರಿರುವ ಆಸ್ಪತ್ರೆಗಾಗಲಿ ಹೋಗಿ. ಚೀಟಿ ಬರೆಸುವಾಗ 'ಕಣ್ಣು ಮಂಜು' ಎಂದು ಹೇಳಿದರೆ ಕನ್ನಡಕದವರ ಸಾಲಿನಲ್ಲಿ ಕೂರಿಸಿಯಾರು. 'ಮೊನ್ನೆಯಿಂದ ಒಂದೇ ಕಣ್ಣಿನಲ್ಲಿ ಮಿಂಚು, ನಿನ್ನೆಯಿಂದ ಹೊಸ ಚುಕ್ಕೆಗಳು, ಮೈನಸ್ 6 ಪವರ್' ಎಂದೇ ಹೇಳಿ. ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ. ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಬೇಕಾದರೆ ರೆಪ್ಪೆಯ ಮೇಲಿನಿಂದ ಮೆಲ್ಲಗೆ ಒತ್ತಿ ಅಂಚನ್ನು ಸುತ್ತಲೂ ನೋಡುತ್ತಾರೆ. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಕಣ್ಣಿಗೆ ಸ್ಕ್ಯಾನ್ ಮಾಡುತ್ತಾರೆ. ಕೆಲವು ಗಂಟೆ ಬಿಸಿಲು ಕಣ್ಣು ಕುಕ್ಕುವುದರಿಂದ ಸ್ಕೂಟರ್ ಬೇಡ, ಆಟೋದಲ್ಲೋ ಮೆಟ್ರೋದಲ್ಲೋ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಹರಕಿಲ್ಲವೆಂದು ಹೇಳಿದರೂ ಎಳೆತ ಪೂರ್ತಿ ಮುಗಿದಿರಬೇಕೆಂದಿಲ್ಲ, ಮುಂದಿನ ವಾರಗಳಲ್ಲಿ ಹೊಸ ಹರಕು ಆಗಬಹುದು. ಆದ್ದರಿಂದ ನಾಲ್ಕರಿಂದ ಆರು ವಾರದೊಳಗೆ ಮತ್ತೊಮ್ಮೆ ಪಾಪೆ ಹಿಗ್ಗಿಸಿ ತೋರಿಸಿ. ಚುಕ್ಕೆ ಹೆಚ್ಚಾದರೆ, ನೆರಳು ಕಂಡರೆ ಆ ದಿನಾಂಕಕ್ಕೆ ಕಾಯದೆ ಮರಳಿ ಹೋಗಿ. ಸೋಮವಾರದ ಕನ್ನಡಕ ಅಂಗಡಿಯಲ್ಲೇ ಇರಲಿ, ಅದನ್ನು ಆಮೇಲೆ ತಂದುಕೊಳ್ಳಬಹುದು.