ಉಣುಗು ಕಚ್ಚಿದ ಮಂಗ, ಮಂಗ ಕಚ್ಚಿದ ಉಣುಗು

ಚಳಿ ಕಳೆದು ಕಾಡು ಒಣಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಮಂಗನ ಕಾಯಿಲೆಯ ಮಾತು ಏಳುತ್ತದೆ. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಯಿಲೆ ನಮ್ಮದೇ ಆದರೂ ಅದರ ಬಗ್ಗೆ ವಿಜ್ಞಾನಿಗಳು ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರಿಗೆ ಅದು ಕನ್ನಡದಲ್ಲಿ ತಲುಪಬೇಕು. ಅನುವಾದದ ಅಭ್ಯಾಸಕ್ಕೆ ನಾನು ಇದೇ ವಿಷಯವನ್ನು ಹಿಡಿಯುವುದು ಅದಕ್ಕೇ. ಕತೆ ಕವಿತೆಗಳಲ್ಲಿ ಅರ್ಥ ಸ್ವಲ್ಪ ಅತ್ತಿತ್ತ ಆದರೂ ವಾದ ಮಾಡಿ ಉಳಿಸಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ. ಮುಂದೆ ಬರುವ ವಾಕ್ಯಗಳು ಆರೋಗ್ಯ ಕರಪತ್ರಗಳ ಧಾಟಿಯಲ್ಲಿ ನಾನೇ ಕಟ್ಟಿಕೊಂಡವು.

ಚಿಕ್ಕದರಿಂದ ಶುರು ಮಾಡೋಣ. 'ದ ಟಿಕ್ ಬಿಟ್ ದ ಮಂಕಿ' ಎಂಬುದರಲ್ಲಿ ಟಿಕ್, ಮಂಕಿ ಎರಡನ್ನೂ ಅದಲು ಬದಲು ಮಾಡಿದರೆ ಕಚ್ಚಿದವರೇ ಬದಲಾಗುತ್ತಾರೆ. ಯಾರು ಮಾಡಿದರು, ಯಾರಿಗೆ ಆಯಿತು ಎಂಬುದನ್ನು ಇಂಗ್ಲಿಷ್ ಪದ ನಿಂತ ಜಾಗದಿಂದಲೇ ಹೇಳುತ್ತದೆ. ನಮ್ಮಲ್ಲಿ ಆ ಕೆಲಸ ವಿಭಕ್ತಿ ಪ್ರತ್ಯಯದ್ದು. 'ಉಣುಗು ಮಂಗನಿಗೆ ಕಚ್ಚಿತು', 'ಮಂಗನಿಗೆ ಉಣುಗು ಕಚ್ಚಿತು': ಎರಡರಲ್ಲೂ ಕಚ್ಚಿದ್ದು ಉಣುಗೇ. ಹಾಗಂತ ಕನ್ನಡದಲ್ಲಿ ಪದಗಳ ಸಾಲಿಗೆ ಕೆಲಸವೇ ಇಲ್ಲ ಎಂದಲ್ಲ. 'ಮನೆಗೆ ಹಾವು ಬಂತು' ಎಂದರೆ ಯಾವುದೋ ಒಂದು ಹಾವು. 'ಹಾವು ಮನೆಗೆ ಬಂತು' ಎಂದರೆ ಆಗಲೇ ಮಾತಿನಲ್ಲಿರುವ ಹಾವು, ಹಿತ್ತಲಲ್ಲಿ ಕಂಡದ್ದು ಈಗ ಒಳಗೆ ನುಗ್ಗಿತು ಎನ್ನುವ ಹಾಗೆ. ದನಿಯ ಒತ್ತು ಬದಲಿಸಿ ಇದನ್ನು ತಿರುಗಿಸಬಹುದು, ಆದರೆ ಸಾಮಾನ್ಯವಾಗಿ ಗೊತ್ತಿರುವ ಸಂಗತಿ ಮುಂದೆ ನಿಲ್ಲುತ್ತದೆ, ಹೊಸ ಸುದ್ದಿ ಕ್ರಿಯಾಪದಕ್ಕೆ ಒತ್ತಿಕೊಂಡು ಬರುತ್ತದೆ. ಇಂಗ್ಲಿಷ್ 'ಎ', 'ದ' ಹಚ್ಚಿ ತೋರಿಸುವ ವ್ಯತ್ಯಾಸವನ್ನು ನಾವು ಸಾಲು ಬದಲಿಸಿ ತೋರಿಸುತ್ತೇವೆ.

ಇದು ಗೊತ್ತಿದ್ದರೆ ಶಾಲೆಯಲ್ಲಿ ಕಲಿತ 'ಅಲ್ಪಡು'ವಿನ ಕಾಟ ಅರ್ಧ ತಪ್ಪುತ್ತದೆ. 'ದ ಡಿಸೀಸ್ ಈಸ್ ಸ್ಪ್ರೆಡ್ ಬೈ ಟಿಕ್ಸ್' ಎಂಬುದನ್ನು ಕೊಟ್ಟರೆ ಮೊದಲು ಬರುವ ಕನ್ನಡ 'ಈ ಕಾಯಿಲೆಯು ಉಣುಗುಗಳಿಂದ ಹರಡಲ್ಪಡುತ್ತದೆ'. ಮಲೆನಾಡಿನ ಯಾವ ಜಗಲಿಯಲ್ಲೂ ಯಾರೂ ಹೀಗೆ ಮಾತಾಡುವುದಿಲ್ಲ. ಅದನ್ನು ತಿದ್ದುವವರು ಕರ್ತರಿ ಪ್ರಯೋಗಕ್ಕೆ ತಂದು 'ಉಣುಗುಗಳು ಈ ಕಾಯಿಲೆಯನ್ನು ಹರಡುತ್ತವೆ' ಎನ್ನುತ್ತಾರೆ. ವ್ಯಾಕರಣ ಸರಿಯಾಯಿತು, ಆದರೆ ಸುದ್ದಿ ತಲೆಕೆಳಗಾಯಿತು. ಇಂಗ್ಲಿಷಿನವನು ಕರ್ಮಣಿಗೆ ಹೋದದ್ದು ಏಕೆ? ಮಾತು ಕಾಯಿಲೆಯ ಬಗ್ಗೆ ನಡೆದಿದೆ, ಹಾಗಾಗಿ ಅದು ಮುಂದೆ ಇರಬೇಕು. ಹೊಸದಾಗಿ ಹೇಳಬೇಕಾದದ್ದು ಉಣುಗು, ಅದು ಕೊನೆಗೆ ಬರಬೇಕು. ಅವನ ಭಾಷೆಯಲ್ಲಿ ಅದಕ್ಕೆ ಬೇರೆ ಸುಲಭದ ದಾರಿ ಇಲ್ಲ. ನಮಗೆ ಇದೆ: 'ಈ ಕಾಯಿಲೆಯನ್ನು ಹರಡುವುದು ಉಣುಗು.' ಅಲ್ಪಡು ಹೋಯಿತು, ಸುದ್ದಿಯ ಸಾಲು ಉಳಿಯಿತು. ಕಾಯಿಲೆಯ ಹೆಸರು ಕೇಳಿ ಮಂಗವೇ ಅಂಟಿಸುತ್ತದೆ ಎಂದುಕೊಂಡವರಿಗೆ 'ಮಂಗವಲ್ಲ' ಎಂದು ಅದರ ಬಾಲಕ್ಕೇ ಸೇರಿಸಲೂ ಬರುತ್ತದೆ. ಮಂಗವೂ ನಮ್ಮ ಹಾಗೆ ಕಾಯಿಲೆ ಬಿದ್ದು ಸಾಯುತ್ತದೆ. ಸತ್ತ ಮೇಲೆ ಅದರ ಮೈಮೇಲಿನ ಉಣುಗು ಕೆಳಗೆ ಉದುರುವುದರಿಂದ ಆ ಜಾಗ ಅಪಾಯದ್ದಾಗುತ್ತದೆ.

ಇನ್ನು ಉದ್ದದ ಪದಗುಚ್ಛಗಳು. 'ಆನ್ ದ ಲೆಗ್ ಆಫ್ ದ ಕಾಫ್ ಆಫ್ ದ ನೇಬರ್' ಎಂಬುದನ್ನು ಕೊನೆಯಿಂದ ಓದುತ್ತ ಬನ್ನಿ: ನೆರೆಯವರ ಕರುವಿನ ಕಾಲಿನ ಮೇಲೆ. ಇದು ಆಕಸ್ಮಿಕವಲ್ಲ. ಜೋಸೆಫ್ ಗ್ರೀನ್‌ಬರ್ಗ್ ಎಂಬ ಭಾಷಾವಿಜ್ಞಾನಿ 1963ರಲ್ಲಿ 30 ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಅವುಗಳಲ್ಲಿ ಕನ್ನಡವೂ ಒಂದು. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ 'ಮೇಲೆ', 'ಒಳಗೆ'ಯಂಥ ಪದಗಳು ಬಹುಮಟ್ಟಿಗೆ ನಾಮಪದ ಆದ ಮೇಲೆಯೇ ಬರುತ್ತವೆ ಎಂದು ಅವನಿಗೆ ಕಂಡಿತು.

ಆದರೆ ತಿರುಗಿಸಿದರೆ ಸಾಕು ಎಂಬ ಈ ಸೂತ್ರವನ್ನೇ ನಂಬಿದವರು ಎಡವುವುದು 'ದ ಟಿಕ್ ದಟ್ ಬಿಟ್ ದ ಮಂಕಿ' ಬಂದಾಗ. ಹಿಂದುಮುಂದು ಮಾಡಿದರೆ 'ಮಂಗ ಕಚ್ಚಿದ ಉಣುಗು' ಆಗುತ್ತದೆ. ಪಾಪದ ಉಣುಗನ್ನು ಮಂಗ ಕಚ್ಚಿ ಹಾಕಿತು! ನಮ್ಮ 'ಕಚ್ಚಿದ', 'ಕೊಯ್ದ' ಎಂಬ ಕೃದಂತಗಳು ಮುಂದಿನ ನಾಮಪದಕ್ಕೂ ಆ ಕೆಲಸಕ್ಕೂ ಏನು ಸಂಬಂಧ ಎಂದು ಹೇಳುವುದೇ ಇಲ್ಲ. ಕೊಯ್ದ ಆಳು, ಕೊಯ್ದ ಅಡಿಕೆ, ಕೊಯ್ದ ಕತ್ತಿ, ಕೊಯ್ದ ದಿನ ಎನ್ನುವಾಗ ಪ್ರತಿ ಸಲವೂ ಸಂಬಂಧ ಬೇರೆ, ಕೃದಂತ ಒಂದೇ. ಕತ್ತಿ ತಾನಾಗಿ ಕೊಯ್ಯುವುದಿಲ್ಲ ಎಂದು ಗೊತ್ತಿರುವ ಕೇಳುಗ ಉಳಿದದ್ದನ್ನು ತುಂಬಿಕೊಳ್ಳುತ್ತಾನೆ. ಎರಡಕ್ಕೂ ಬಾಯಿದ್ದು ಎರಡೂ ಕಚ್ಚಬಲ್ಲವಾದಾಗ ಮಾತ್ರ ಆ ನಂಬಿಕೆ ಕೈಕೊಡುತ್ತದೆ, ಆಗ ಪ್ರತ್ಯಯ ಬಿಡುವ ಹಾಗಿಲ್ಲ: 'ಮಂಗನಿಗೆ ಕಚ್ಚಿದ ಉಣುಗು.'

ಇದು ನಗು ಬರಿಸುವ ತಪ್ಪು, ಯಾರೂ ಮೋಸ ಹೋಗುವುದಿಲ್ಲ. ನಿಜವಾಗಿ ಅಪಾಯದ್ದು ಇನ್ನೊಂದಿದೆ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಆಮೇಲೆ ಎರಡನೇ ಸಲ ಜ್ವರ ಬರುತ್ತದೆ. ಆಗ ವಿಪರೀತ ತಲೆನೋವು, ಮಂಪರು, ನಡುಕದಂಥ ನರಸಂಬಂಧಿ ಲಕ್ಷಣಗಳೂ ಕಾಣಿಸಿಕೊಳ್ಳಬಹುದು. ಅದಕ್ಕೆ ಕರಪತ್ರದಲ್ಲಿ 'ಡು ನಾಟ್ ಸ್ಟಾಪ್ ವಾಚಿಂಗ್ ದ ಪೇಶೆಂಟ್ ಬಿಕಾಸ್ ದ ಫೀವರ್ ಹ್ಯಾಸ್ ಗಾನ್' ಎಂದಿದೆ ಎನ್ನಿ. ಪದಕ್ಕೆ ಪದ ಹಾಕಿದರೆ: 'ಜ್ವರ ಬಿಟ್ಟಿರುವುದರಿಂದ ರೋಗಿಯ ಮೇಲೆ ನಿಗಾ ಇಡುವುದನ್ನು ನಿಲ್ಲಿಸಬೇಡಿ.' ಒಂದು ಪದವೂ ಬಿಟ್ಟಿಲ್ಲ. ಆದರೂ ಈಗ ಜ್ವರ ಬಿಟ್ಟದ್ದೇ ನಿಗಾ ಇಡಲು ಕಾರಣ ಎಂಬಂತೆ ಕೇಳಿಸುತ್ತದೆ. ಹಾಗಾದರೆ ಜ್ವರ ಇದ್ದಾಗ ನಿಗಾ ಬೇಡವೇ?

ಇಂಗ್ಲಿಷಿನ 'ನಾಟ್' ಅಲ್ಲಿ 'ಬಿಕಾಸ್'ನ ಕಾರಣವನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿದೆ. ಜ್ವರ ಬಿಟ್ಟದ್ದು ನಿಲ್ಲಿಸಲು ಸಾಕಾದ ಕಾರಣವಲ್ಲ ಎಂಬುದು ಅದರ ಮಾತು. ಕನ್ನಡದಲ್ಲಿ 'ಇರುವುದರಿಂದ' ಎಂದು ಮೊದಲೇ ಹೇಳಿಬಿಟ್ಟ ಕಾರಣದವರೆಗೆ ಕೊನೆಯ 'ಬೇಡಿ' ಸುಲಭಕ್ಕೆ ಕೈಚಾಚುವುದಿಲ್ಲ. ಅದಕ್ಕೆ ನಮ್ಮಲ್ಲಿರುವ ಸಲಕರಣೆ 'ಅಂತ'. 'ಜ್ವರ ಬಿಟ್ಟಿತು ಅಂತ ನಿಗಾ ಬಿಡಬೇಡಿ.' 'ಅಂತ' ಆ ಕಾರಣವನ್ನು ಕೇಳುಗನ ತಲೆಯೊಳಗಿನ ಲೆಕ್ಕಾಚಾರವಾಗಿಸುತ್ತದೆ, 'ಬೇಡಿ' ಆ ಲೆಕ್ಕಾಚಾರವನ್ನೇ ತಡೆಯುತ್ತದೆ. ಬರಹದಲ್ಲಿ 'ಬಿಟ್ಟಿತೆಂದು' ಎಂದರೂ ಕೆಲಸ ಅದೇ.

ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಒಂದು ಹಳೆಯ ವಿಧಾನವೆಂದರೆ ಮೂಲ ನೋಡದ ಇನ್ನೊಬ್ಬರಿಂದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ಹೋಲಿಸುವುದು. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಬರೆದ ಪ್ರಬಂಧದ ನಂತರ ಸಮೀಕ್ಷೆಯ ಪ್ರಶ್ನಾವಳಿಗಳಿಗೆ ಇದು ರೂಢಿಯಾಯಿತು. 'ಮಂಗ ಕಚ್ಚಿದ ಉಣುಗು' ಇದರಲ್ಲಿ ಖಂಡಿತ ಸಿಕ್ಕಿಬೀಳುತ್ತದೆ. ಆದರೆ 'ಹರಡಲ್ಪಡುತ್ತದೆ' ಪೂರ್ತಿ ಅಂಕ ಪಡೆದು ಪಾಸಾಗುತ್ತದೆ, ಏಕೆಂದರೆ ಇಂಗ್ಲಿಷಿನ ಅಚ್ಚಿನಲ್ಲೇ ಎರಕ ಹೊಯ್ದದ್ದು ವಾಪಸ್ ಹೋಗುವಾಗ ಅಷ್ಟೇ ಅಚ್ಚುಕಟ್ಟಾಗಿ ಹೋಗುತ್ತದೆ. 'ಬಿಟ್ಟಿರುವುದರಿಂದ' ಎಂಬುದನ್ನೂ ಇಂಗ್ಲಿಷ್ ಬಲ್ಲವರು ಮತ್ತೆ 'ಬಿಕಾಸ್' ಎಂದೇ ಬರೆಯುವ ಸಂಭವ ಹೆಚ್ಚು, ಆಗ ತಪ್ಪು ಕಾಣಿಸುವುದೇ ಇಲ್ಲ.

ಹಾಗಾಗಿ ಇಂಗ್ಲಿಷ್ ಬಾರದ ಒಬ್ಬರಿಗೆ ವಾಕ್ಯವನ್ನು ಓದಿ ಹೇಳಬೇಕು. 'ಅರ್ಥ ಆಯ್ತಾ?' ಎಂದು ಕೇಳಬಾರದು, ಎಲ್ಲರೂ ತಲೆ ಆಡಿಸುತ್ತಾರೆ. 'ಮನೆಯವರಿಗೆ ಜ್ವರ ಬಿಟ್ಟು ನಾಲ್ಕು ದಿನ ಆಯ್ತು ಅಂತ ಇಟ್ಕೊಳಿ, ಈಗ ಏನ್ ಮಾಡ್ತೀರಿ?' ಎಂದು ಕೇಳಬೇಕು. 'ಇನ್ನೆಂತ, ತೋಟದ ಕೆಲಸಕ್ಕೆ ಹೋಗೂದೇ' ಎಂಬ ಉತ್ತರ ಬಂದರೆ ವಾಕ್ಯವನ್ನು ಮತ್ತೆ ಬರೆದು, ಈ ಸಲ ಅದನ್ನು ಮೊದಲು ಕೇಳಿರದ ಬೇರೊಬ್ಬರಿಗೆ ಓದಬೇಕು.