ಜ್ವರ ಏರುತ್ತಿದೆ, ಇಎಸ್‌ಆರ್ ಇಳಿಯುತ್ತಿದೆ: ಎಚ್‌ಎಲ್‌ಎಚ್ ಟಿಪ್ಪಣಿ

ಎಚ್‌ಎಲ್‌ಎಚ್ ಅಂದರೆ ಹೀಮೊಫಾಗೊಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್, ರೋಗನಿರೋಧಕ ಕೋಶಗಳು ಹತೋಟಿ ತಪ್ಪಿ ಮೈಯನ್ನೇ ಹಾಳುಮಾಡುವ ಸ್ಥಿತಿ. ಕಾರವಾರದಲ್ಲಿ ನಮ್ಮ ಜೊತೆ ಓದುತ್ತಿರುವವರಿಗಾಗಿ ಒಂದು ಕೇಸ್ ಕಟ್ಟಿಕೊಂಡು ಬರೆದಿದ್ದೇನೆ. ರೋಗಿ ಕಲ್ಪಿತ, ಆದರೆ ನಮ್ಮ ಜಿಲ್ಲೆಯಲ್ಲಿ ಇಂಥವರು ಬರಬಹುದು.

ಅಕ್ಟೋಬರ್ ತಿಂಗಳು. ಶಿರಸಿ ಕಡೆಯ 45 ವರ್ಷದ ಹೆಂಗಸು. ಅಡಿಕೆ ತೋಟದ ಕೆಲಸ, ಬೆಟ್ಟದಿಂದ ಹುಲ್ಲು ಹೊತ್ತು ತರುವುದು. 9 ದಿನದಿಂದ ಜ್ವರ, ಇವತ್ತು 39.6 ಡಿಗ್ರಿ ಸೆಲ್ಸಿಯಸ್. ಲಿವರ್, ಗುಲ್ಮ ಎರಡೂ ಕೈಗೆ ಸಿಗುತ್ತವೆ. 5ನೇ ದಿನ ಇಎಸ್‌ಆರ್ 78, ಪ್ಲೇಟ್‌ಲೆಟ್ 1.3 ಲಕ್ಷ ಇತ್ತು. 9ನೇ ದಿನ ಇಎಸ್‌ಆರ್ 16, ಪ್ಲೇಟ್‌ಲೆಟ್ 48,000. ಹಿಮೋಗ್ಲೋಬಿನ್ 8.8, ಬಿಳಿ ರಕ್ತಕಣ 2,600.

ಇಎಸ್‌ಆರ್ ಇಳಿದದ್ದು ನೋಡಿ ಸೋಂಕು ಕಡಿಮೆಯಾಗುತ್ತಿದೆ ಅಂದುಕೊಳ್ಳುವುದು ಸುಲಭ. ಆದರೆ ಜ್ವರ ಜಾಸ್ತಿಯೇ ಆಗಿದೆ. ರಕ್ತ ಕಡಿಮೆಯಾದಾಗ ಇಎಸ್‌ಆರ್ ಸಾಮಾನ್ಯವಾಗಿ ಏರಬೇಕು, ಅಲ್ವಾ? ಇಲ್ಲಿ ಇಳಿದಿದೆ. ಕೆಂಪು ಕಣಗಳು ಒಂದಕ್ಕೊಂದು ಅಂಟಿ ಬೇಗ ಕೆಳಗಿಳಿಯಲು ಫೈಬ್ರಿನೋಜೆನ್ ಬೇಕು. ಅದೇ ಕರಗಿಹೋಗುತ್ತಿದೆ. ಕಳಿಸಿ ನೋಡಿದರೆ 130 ಮಿ.ಗ್ರಾಂ. ಫೆರಿಟಿನ್ 14,000, ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ 290, ಎಎಸ್‌ಟಿ 210.

ಒಳಗೆ ಆಗುತ್ತಿರುವುದು ಇಷ್ಟು. ಟಿ ಕೋಶ ಮತ್ತು ಎನ್‌ಕೆ ಕೋಶಗಳು ಸೋಂಕು ತಗುಲಿದ ಕೋಶವನ್ನು ಕೊಂದು ಸುಮ್ಮನಾಗಬೇಕು. ಕೆಲವು ಮಕ್ಕಳಲ್ಲಿ ಕೊಲ್ಲುವ ಪರ್ಫೊರಿನ್ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಸೋಂಕು, ಲಿಂಫೋಮಾ ಅಥವಾ ಸ್ಟಿಲ್ಸ್ ಥರದ ಕಾಯಿಲೆ ಕಾರಣ. ಟಿ ಕೋಶಗಳು ಗಾಮಾ ಇಂಟರ್‌ಫೆರಾನ್ ಸುರಿಸುತ್ತಲೇ ಇರುತ್ತವೆ, ಅದರಿಂದ ಮ್ಯಾಕ್ರೊಫೇಜ್‌ಗಳು ಕೆರಳುತ್ತವೆ. ಅವು ರಕ್ತಕಣಗಳನ್ನೇ ನುಂಗುತ್ತವೆ, ಫೆರಿಟಿನ್ ಹೊರಹಾಕುತ್ತವೆ, ಫೈಬ್ರಿನೋಜೆನ್ ಕರಗಿಸುವ ವ್ಯವಸ್ಥೆಯನ್ನೂ ಎಬ್ಬಿಸುತ್ತವೆ.

ಈಗ ಎಚ್‌ಎಲ್‌ಎಚ್ ಇರುವ ಸಾಧ್ಯತೆಯನ್ನು ಅಂಕದಲ್ಲಿ ಅಳೆಯುವ ಎಚ್‌ಸ್ಕೋರ್ ಹಾಕೋಣ. ಜ್ವರಕ್ಕೆ 49, ಲಿವರ್ ಮತ್ತು ಗುಲ್ಮ ಎರಡೂ ದೊಡ್ಡದಿದ್ದದ್ದಕ್ಕೆ 38, ಮೂರೂ ಬಗೆಯ ಕಣ ಇಳಿದದ್ದಕ್ಕೆ 34, ಫೆರಿಟಿನ್ 6,000 ದಾಟಿದ್ದಕ್ಕೆ 50, ಟ್ರೈಗ್ಲಿಸರೈಡ್‌ಗೆ 44, ಫೈಬ್ರಿನೋಜೆನ್‌ಗೆ 30, ಎಎಸ್‌ಟಿಗೆ 19. ಒಟ್ಟು 264. ಸಾಮಾನ್ಯವಾಗಿ ಬಳಸುವ ಗಡಿ 169. ಮ್ಯಾರೊ ಪರೀಕ್ಷೆ ಇಲ್ಲದೆಯೇ ಇಷ್ಟು ಬಂತು ಅನ್ನುವುದನ್ನು ಗಮನಿಸಿ. ಮ್ಯಾರೊದಲ್ಲಿ ಕಣ ನುಂಗಿದ್ದು ಕಾಣಲಿಲ್ಲ ಅಂತ ಎಚ್‌ಎಲ್‌ಎಚ್ ಕೈಬಿಡುವುದು ತಪ್ಪು. ಹಾಗೆಯೇ ಫೆರಿಟಿನ್ ಒಂದನ್ನೇ ನಂಬುವುದೂ ತಪ್ಪು. ಲಿವರ್ ಅಥವಾ ಕಿಡ್ನಿ ಕೈಕೊಟ್ಟಾಗ, ಪದೇಪದೇ ರಕ್ತ ಹಾಕಿಸಿಕೊಂಡವರಲ್ಲೂ ಅದು ಸಾವಿರಗಟ್ಟಲೆ ಏರುತ್ತದೆ.

ಹೆಸರು ಸಿಕ್ಕಿತು, ಕಾರಣ ಸಿಕ್ಕಿಲ್ಲ. ನನ್ನ ಪ್ರಕಾರ ಕೇಸಿನ ಅರ್ಧ ಭಾಗ ಇಲ್ಲೇ ಇದೆ. "ಅಮ್ಮ, ಸೀರೆ ನೆರಿಗೆ ಸ್ವಲ್ಪ ಸಡಿಲ ಮಾಡಿ, ಸೊಂಟದ ಹತ್ರ ನೋಡ್ಬೇಕು" ಅಂತ ಕೇಳಿ. ಲಂಗದ ಲಾಡಿ ಬಿಗಿದ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆ ಇಲ್ಲ. ಅದಕ್ಕೇ ಅವರು ಹೇಳಿರಲಿಲ್ಲ. ಇದು ಎಸ್ಕಾರ್, ಸ್ಕ್ರಬ್ ಟೈಫಸ್‌ನ ಗುರುತು. ಕಂಕುಳು, ತೊಡೆಸಂದು, ಸ್ತನದ ಕೆಳಗೂ ನೋಡಬೇಕು. ಎಲ್ಲರಲ್ಲೂ ಸಿಗುವುದಿಲ್ಲ, ಸಿಗದಿದ್ದರೂ ಸ್ಕ್ರಬ್ ಇಲ್ಲ ಅಂತಲ್ಲ. ಐಜಿಎಂ ಎಲೈಸಾ ಕಳಿಸಿ, ಆದರೆ ರಿಪೋರ್ಟ್‌ಗೆ ಕಾಯದೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ ಶುರು ಮಾಡಬೇಕು. ಸ್ಥಿತಿ ಗಂಭೀರವಿದ್ದರೆ ರಕ್ತನಾಳದ ಮೂಲಕ ಡಾಕ್ಸಿ ಜೊತೆ ಅಜಿತ್ರೊಮೈಸಿನ್.

ಇದೇ ಚಿತ್ರ ಫೆಬ್ರವರಿಯಲ್ಲಿ, ಸಿದ್ದಾಪುರದ ಕಾಡಂಚಿನಿಂದ ಬಂದರೆ ಮಂಗನ ಕಾಯಿಲೆಯೂ ತಲೆಯಲ್ಲಿರಬೇಕು. ಉಣುಗಿನಿಂದ ಬರುವ ಆ ವೈರಸ್‌ಗೆ ಡಾಕ್ಸಿ ನಾಟುವುದಿಲ್ಲ, ಅದಕ್ಕೆ ಆರ್‌ಟಿ-ಪಿಸಿಆರ್ ಬೇರೆ ಕಳಿಸಬೇಕು.

ಎಟೊಪೊಸೈಡ್ ಎಂಬ ಕೀಮೊ ಔಷಧ ಯಾವಾಗ ಅನ್ನುವ ಪ್ರಶ್ನೆ ಬರುತ್ತದೆ. ಸ್ಕ್ರಬ್‌ನಿಂದ ಬಂದ ಎಚ್‌ಎಲ್‌ಎಚ್ ಎಷ್ಟೋ ಸಲ ಆ್ಯಂಟಿಬಯಾಟಿಕ್‌ನಿಂದಲೇ ತಣಿಯುತ್ತದೆ. ರೋಗಿ ಕುಸಿಯುತ್ತಿದ್ದರೆ ಡೆಕ್ಸಾಮೆಥಸೋನ್ ಸೇರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎಟೊಪೊಸೈಡ್. ಕಾರಣವೇ ಸಿಗದ ಕೇಸಿನಲ್ಲಿ ಮಾತ್ರ ಸ್ಟಿರಾಯ್ಡ್ ಕೊಡುವ ಮೊದಲು, ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ, ಮ್ಯಾರೊ ಅಥವಾ ಗಂಟಿನ ಬಯಾಪ್ಸಿ ತೆಗೆಯಬೇಕು. ಸ್ಟಿರಾಯ್ಡ್ ಬಿದ್ದ ಮೇಲೆ ಲಿಂಫೋಮಾ ಅಡಗಿಬಿಡಬಹುದು.

ನಮ್ಮ ರೋಗಿಗೆ 48 ಗಂಟೆಯೊಳಗೆ ಜ್ವರ ಬಿಟ್ಟಿತು ಅಂದುಕೊಳ್ಳಿ. ಫೆರಿಟಿನ್ ಇಳಿಯುತ್ತಿದೆ, ಪ್ಲೇಟ್‌ಲೆಟ್ 90,000ಕ್ಕೆ ಬಂದಿದೆ. ಆದರೆ ಇಎಸ್‌ಆರ್ 16ರಿಂದ 60ಕ್ಕೆ ಏರಿದೆ. ಗಾಬರಿಯಾಗಿ ಔಷಧ ಬದಲಿಸಬೇಡಿ. ಫೈಬ್ರಿನೋಜೆನ್ ಮತ್ತೆ ಕಳಿಸಿ ನೋಡಿ, 280 ಬಂದಿದೆ.