‘ಕತ್ತಲೆ ಕ್ರಿಯೆ’ಗೆ ಆ ಹೆಸರು ಬಂದ ಬಗೆ

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ ಉತ್ತರ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಸಿಗುವ ಒಂದು ವಾಕ್ಯವಿದೆ: “ಬೆಳಕಿನ ಕ್ರಿಯೆ ಹಗಲಿನಲ್ಲಿಯೂ ಕತ್ತಲೆ ಕ್ರಿಯೆ ರಾತ್ರಿಯಲ್ಲಿಯೂ ನಡೆಯುತ್ತದೆ.” ಗಿಡವು ಬೆಳಕಿನ ನೆರವಿನಿಂದ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣೆಯ ಎರಡು ಹಂತಗಳಿವು. ಬರೆದವರನ್ನು ದೂರುವಂತಿಲ್ಲ, ಹೆಸರೇ ಹಾಗೆ ಹೇಳುತ್ತದೆ. ಮಾಯಕೊಂಡದ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, “ಹಾಗಾದ್ರೆ ಸರ್, ನಮ್ಮ ಹೊಲದ ಮೆಕ್ಕೆಜೋಳ ರಾತ್ರಿ ಹೊತ್ತು ಗಾಳಿಯಿಂದ ಇಂಗಾಲ ಎಳ್ಕೊಳ್ಳುತ್ತಾ?” ಎಂದು ಕೇಳಿದಳು. ಇಲ್ಲ. ರಾತ್ರಿ ಮೆಕ್ಕೆಜೋಳದ ಎಲೆಯ ಪತ್ರರಂಧ್ರಗಳು ಬಹುಪಾಲು ಮುಚ್ಚಿರುತ್ತವೆ. ಎಲೆ ಉಸಿರಾಡುತ್ತ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆಯೇ ಹೊರತು ಒಳಗೆ ಸೇರಿಸಿಕೊಳ್ಳುವುದಿಲ್ಲ. ಹಾಗಿದ್ದರೆ ಹಗಲಿನಲ್ಲಿಯೇ ನಡೆಯುವ ಕೆಲಸಕ್ಕೆ ಕತ್ತಲೆಯ ಹೆಸರು ಹೇಗೆ ಅಂಟಿತು ಎಂಬುದನ್ನು ತಿಳಿಯಲು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಬ್ಲಾಕ್‌ಮನ್ ಮತ್ತು ಅವರೊಂದಿಗೆ ದುಡಿಯುತ್ತಿದ್ದ ಗೇಬ್ರಿಯೆಲ್ ಮಥೇಯಿ ಎಂಬ ಸಂಶೋಧಕಿ, ಎಲೆಯೊಂದು ಎಷ್ಟು ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ ಎಂಬುದನ್ನು ಬೆಳಕು ಮತ್ತು ಉಷ್ಣತೆ ಎರಡನ್ನೂ ಬದಲಿಸುತ್ತ ಅಳೆದರು. ಬೆಳಕು ಮಂದವಾಗಿದ್ದಾಗ ಉಷ್ಣತೆ ಏರಿಸಿದರೂ ವೇಗ ಹೆಚ್ಚಲಿಲ್ಲ, ಬೆಳಕು ಏರಿಸಿದರೆ ಮಾತ್ರ ಹೆಚ್ಚಿತು. ಬೆಳಕು ಧಾರಾಳವಾಗಿದ್ದಾಗ ಲೆಕ್ಕ ತಿರುಗಿತು: ಇನ್ನಷ್ಟು ಬೆಳಕು ಕೊಟ್ಟು ಪ್ರಯೋಜನವಿಲ್ಲ, ಆದರೆ ಉಷ್ಣತೆ ಏರಿಸಿದರೆ ವೇಗ ಏರುತ್ತಿತ್ತು. ಬೆಳಕು ನೇರವಾಗಿ ನಡೆಸುವ ಕ್ರಿಯೆಗೆ ಉಷ್ಣತೆಯ ಹಂಗು ಇಲ್ಲ. ಕಿಣ್ವಗಳು ನಡೆಸುವ ರಾಸಾಯನಿಕ ಕ್ರಿಯೆಗಾದರೆ ಇದೆ. ಹಾಗಾಗಿ ಎಲೆಯೊಳಗೆ ಒಂದರ ಹಿಂದೆ ಒಂದರಂತೆ ಎರಡು ಹಂತಗಳಿವೆ ಎಂದು 1905ರ ಬ್ಲಾಕ್‌ಮನ್ ಬರಹದಿಂದ ಊಹಿಸಲು ಸಾಧ್ಯವಾಯಿತು. ಎರಡನೆಯ ಹಂತಕ್ಕೆ ‘ಕತ್ತಲೆ’ಯ ವಿಶೇಷಣ ಅಂಟಿಕೊಂಡದ್ದು ಇಲ್ಲಿಂದ, ಅದರ ಅರ್ಥ ‘ಬೆಳಕಿನ ಕಣವನ್ನು ತಾನೇ ಹೀರದ’ ಎಂದಷ್ಟೆ.

ಆ ಕತ್ತಲೆ ಎಷ್ಟು ಹೊತ್ತಿನದು ಎಂಬುದನ್ನು 1932ರಲ್ಲಿ ಅಮೆರಿಕದ ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಆರ್ನಾಲ್ಡ್ ಅಳೆದರು. ಕ್ಲೋರೆಲ್ಲಾ ಎಂಬ ಹಸಿರು ಪಾಚಿಗೆ ಎಡೆಬಿಡದೆ ಬೆಳಕು ಕೊಡುವ ಬದಲು, ಅತ್ಯಂತ ಚಿಕ್ಕ ಮಿಂಚುಗಳನ್ನು ಕೊಟ್ಟು, ಎರಡು ಮಿಂಚುಗಳ ನಡುವಿನ ಕತ್ತಲೆಯನ್ನು ಹಿಗ್ಗಿಸುತ್ತ ಹೋದಂತೆ ಪ್ರತಿ ಮಿಂಚಿನ ಫಲ ಹೆಚ್ಚಿತು. ಆದರೆ ಅದಕ್ಕೆ ಬೇಕಾದ ಬಿಡುವು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ. ಕಣ್ಣು ರೆಪ್ಪೆ ಬಡಿಯುವುದಕ್ಕಿಂತಲೂ ಕಿರಿದಾದ ಆ ಕತ್ತಲೆಗೂ ಹೊಲದ ಮೇಲೆ ಇಳಿಯುವ ರಾತ್ರಿಗೂ ಸಂಬಂಧವಿಲ್ಲ. ಹೆಸರು ಇಟ್ಟವರಿಗೆ ಇದು ಗೊತ್ತಿತ್ತು, ಪಠ್ಯಪುಸ್ತಕಕ್ಕೆ ಹೆಸರು ಮಾತ್ರ ಬಂತು.

ಮೊದಲ ಹಂತ ಏನನ್ನು ಕೊಡುತ್ತದೆ ಎಂಬುದು ಇನ್ನೂ ಬಯಲಾಗಿರಲಿಲ್ಲ. ಹೊರಬರುವ ಆಮ್ಲಜನಕವು ಇಂಗಾಲದ ಡೈಆಕ್ಸೈಡ್ ಒಡೆದು ಬರುತ್ತದೆ ಎಂಬುದೇ ಬಹುಕಾಲದ ನಂಬಿಕೆಯಾಗಿತ್ತು. 1937ರಲ್ಲಿ ರಾಬರ್ಟ್ ಹಿಲ್ ಎಲೆಯನ್ನು ಅರೆದು ಬೇರ್ಪಡಿಸಿದ, ಕೋಶದೊಳಗಿನ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟುಗಳಿಗೆ ಎಲೆಕ್ಟ್ರಾನುಗಳನ್ನು ಪಡೆಯಬಲ್ಲ ಕಬ್ಬಿಣದ ಲವಣವೊಂದನ್ನು ಸೇರಿಸಿ ಬೆಳಕಿನಲ್ಲಿಟ್ಟಾಗ, ಇಂಗಾಲದ ಡೈಆಕ್ಸೈಡಿನ ನೆರವಿಲ್ಲದೆಯೇ ಆಮ್ಲಜನಕ ಹೊರಬಂತು. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕದಿಂದ ಗುರುತು ಹಚ್ಚಿದ ನೀರನ್ನು ಪಾಚಿಗೆ ಕೊಟ್ಟು, ಹೊರಬಂದ ಅನಿಲದಲ್ಲಿ ಆ ಗುರುತನ್ನೇ ಕಂಡರು. ನಾವು ಉಸಿರಾಡುವ ಆಮ್ಲಜನಕ ನೀರಿನದು ಎಂದು ಹೇಳಲು ಇಷ್ಟು ಸಾಕಾಯಿತು. ಬೆಳಕಿನ ಕ್ರಿಯೆ ಒಳಗೆಳೆದುಕೊಳ್ಳುವುದು ಬೆಳಕು ಮತ್ತು ನೀರು. ಆಮ್ಲಜನಕವು ಅದಕ್ಕೆ ಬೇಡವಾಗಿ ಬಿಟ್ಟ ಶೇಷ. ಅದು ಮುಂದಕ್ಕೆ ದಾಟಿಸುವ ಸರಕು ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಎರಡು ಅಣುಗಳು: ಮೊದಲನೆಯದು ಶಕ್ತಿಯನ್ನೂ ಎರಡನೆಯದು ನೀರಿನಿಂದ ಕಿತ್ತ ಎಲೆಕ್ಟ್ರಾನುಗಳನ್ನೂ ಹೊತ್ತಿರುತ್ತದೆ.

ಆ ಸರಕು ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್ ಮತ್ತು ಜೇಮ್ಸ್ ಬ್ಯಾಶಮ್ 1940ರ ದಶಕದ ಕೊನೆಯಿಂದ ಹುಡುಕಿದರು. (1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಸಂದಿತು, ಅವರು ಬಿಡಿಸಿದ ಕ್ರಿಯೆಗಳ ಸುತ್ತನ್ನು, ಅಂದರೆ ಕ್ಯಾಲ್ವಿನ್ ಆವರ್ತವನ್ನು, ಮೂವರ ಹೆಸರಿನಲ್ಲಿ ಕರೆಯುವುದೇ ನ್ಯಾಯವೆಂದು ನನಗೆ ಅನಿಸುತ್ತದೆ.) ಚಪ್ಪಟೆಯಾದ ಗಾಜಿನ ಪಾತ್ರೆಯಲ್ಲಿ ಪಾಚಿಯನ್ನು ಬೆಳಕಿಗೆ ಒಡ್ಡಿ, ವಿಕಿರಣಶೀಲ ಇಂಗಾಲ-14 ಇರುವ ಡೈಆಕ್ಸೈಡನ್ನು ಕೊಟ್ಟು, ಕೆಲವೇ ಸೆಕೆಂಡುಗಳ ನಂತರ ಕುದಿಯುವ ಆಲ್ಕೋಹಾಲಿಗೆ ಸುರಿದು ಪಾಚಿಯನ್ನು ಕೊಲ್ಲುವುದು ಅವರ ವಿಧಾನ. ಸತ್ತ ಕ್ಷಣದಲ್ಲಿ ಇಂಗಾಲ ಯಾವ ವಸ್ತುವಿನಲ್ಲಿತ್ತೋ ಅದು ಕ್ರೊಮಟೋಗ್ರಫಿ ಕಾಗದದ ಮೇಲೆ ಬೇರ್ಪಟ್ಟು, ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುತ್ತಿತ್ತು. ಅತಿ ಕಡಿಮೆ ಸಮಯ ಕೊಟ್ಟಾಗ ಮುಖ್ಯವಾಗಿ ಕಂಡ ಚುಕ್ಕೆ, ಮೂರು ಇಂಗಾಲಗಳ ಪಿಜಿಎ ಎಂಬ ಆಮ್ಲದ್ದು.

ಇಂಗಾಲವನ್ನು ಮೊದಲು ಹಿಡಿಯುವ ಅಣು ಯಾವುದು ಎಂಬುದಕ್ಕೆ ಉತ್ತರ ಕೊಟ್ಟ ಪ್ರಯೋಗವು ನನ್ನ ಮಟ್ಟಿಗೆ ಈ ಇತಿಹಾಸದಲ್ಲೇ ಅತ್ಯಂತ ಸೊಗಸಾದದ್ದು. ಪಾಚಿಯು ಸ್ಥಿರವಾಗಿ ಕೆಲಸ ಮಾಡುತ್ತಿರುವಾಗ ಥಟ್ಟನೆ ದೀಪ ಆರಿಸಿದರು. ಪಿಜಿಎ ಪ್ರಮಾಣ ಜಿಗಿದು ಏರಿತು. ಐದು ಇಂಗಾಲಗಳ ಆರ್‌ಯುಬಿಪಿ ಎಂಬ ಸಕ್ಕರೆ-ಫಾಸ್ಫೇಟು ಬರಿದಾಗತೊಡಗಿತು. ಇನ್ನೊಮ್ಮೆ ದೀಪವನ್ನು ಹಾಗೆಯೇ ಉರಿಯಬಿಟ್ಟು ಇಂಗಾಲದ ಡೈಆಕ್ಸೈಡಿನ ಪೂರೈಕೆಯನ್ನು ತೀರ ಇಳಿಸಿದರು. ಈಗ ಆರ್‌ಯುಬಿಪಿ ಕೂಡಿಬಿದ್ದಿತು, ಪಿಜಿಎ ಕುಸಿಯಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ, ಆರ್‌ಯುಬಿಪಿಯು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಪಿಜಿಎ ಆಗುತ್ತದೆ, ಆ ಒಂದು ಹೆಜ್ಜೆಗೆ ಬೆಳಕಿನ ಸರಕು ಬೇಡ, ಆದ್ದರಿಂದ ದೀಪ ಆರಿದ ಮೇಲೂ ಅದು ತುಸು ಹೊತ್ತು ಸಾಗುತ್ತದೆ. ಪಿಜಿಎಯನ್ನು ಸಕ್ಕರೆಯ ದಾರಿಗೆ ತರುವುದಕ್ಕೂ ಅದರಿಂದ ಆರ್‌ಯುಬಿಪಿಯನ್ನು ಮತ್ತೆ ಕಟ್ಟುವುದಕ್ಕೂ ಮಾತ್ರ ಎಟಿಪಿ ಬೇಕು, ಮೊದಲನೆಯದಕ್ಕೆ ಎನ್‌ಎಡಿಪಿಎಚ್ ಕೂಡ ಬೇಕು. ‘ಕತ್ತಲೆ’ಯಲ್ಲಿ ಆವರ್ತ ಓಡುವುದು ಅಷ್ಟೇ ದೂರ: ಆರ್‌ಯುಬಿಪಿಯ ದಾಸ್ತಾನು ಮುಗಿಯುವವರೆಗೆ.

ಲೆಕ್ಕವನ್ನು ಮೂರು ಅಣು ಇಂಗಾಲದ ಡೈಆಕ್ಸೈಡಿಗೆ ಹಾಕಿ ನೋಡೋಣ. ಮೂರು ಆರ್‌ಯುಬಿಪಿಗಳು ಅವನ್ನು ಹಿಡಿದಾಗ ಆರು ಪಿಜಿಎಗಳಾಗುತ್ತವೆ. ಅವುಗಳನ್ನು ಮೂರು ಇಂಗಾಲಗಳ ಸಕ್ಕರೆ-ಫಾಸ್ಫೇಟುಗಳನ್ನಾಗಿ ಪರಿವರ್ತಿಸಲು ಆರು ಎಟಿಪಿ ಮತ್ತು ಆರು ಎನ್‌ಎಡಿಪಿಎಚ್ ಖರ್ಚಾಗುತ್ತವೆ. ಬಂದ ಆರರಲ್ಲಿ ಐದು, ಇನ್ನೂ ಮೂರು ಎಟಿಪಿ ಪಡೆದು, ಮೂರು ಆರ್‌ಯುಬಿಪಿಗಳಾಗಿ ಮರಳುತ್ತವೆ. ಗಿಡಕ್ಕೆ ಉಳಿಯುವ ಆದಾಯ ಒಂದೇ ಒಂದು. ಪಿಷ್ಟವಾಗಲಿ ಸಕ್ಕರೆಯಾಗಲಿ ಕಾಳಾಗಲಿ ಅದರಿಂದಲೇ ಆಗಬೇಕು. ಖರ್ಚಾದ ಒಂಬತ್ತು ಎಟಿಪಿ ಎಡಿಪಿಯಾಗಿ, ಆರು ಎನ್‌ಎಡಿಪಿಎಚ್ ಖಾಲಿ ಎನ್‌ಎಡಿಪಿಯಾಗಿ ಬೆಳಕಿನ ಕ್ರಿಯೆಯ ಕಡೆಗೆ ಹಿಂತಿರುಗುತ್ತವೆ. ಪಠ್ಯದ ಚಿತ್ರದಲ್ಲಿ ಈ ಹಿಂತಿರುಗುವ ಬಾಣಗಳನ್ನು ಸಣ್ಣದಾಗಿ ಬರೆಯುವುದರಿಂದ ಮಕ್ಕಳು ಅವನ್ನು ಬಿಟ್ಟೇಬಿಡುತ್ತಾರೆ. ಆ ಆರು ಎನ್‌ಎಡಿಪಿಎಚ್‌ಗಾಗಿ ಬೆಳಕಿನ ಕ್ರಿಯೆಯು ಆರು ಅಣು ನೀರನ್ನು ಒಡೆದು, ಮೂರು ಅಣು ಆಮ್ಲಜನಕವನ್ನು ಬಿಟ್ಟು, ಕನಿಷ್ಠ 24 ಬೆಳಕಿನ ಕಣಗಳನ್ನು ಹೀರಿರಬೇಕು. ಇಷ್ಟರಿಂದಲೇ ಒಂಬತ್ತು ಎಟಿಪಿ ಹುಟ್ಟುವುದಿಲ್ಲ, ಸುಮಾರು 7.7 ಬರುತ್ತದೆ, ಕೊರತೆಯನ್ನು ತುಂಬಲು ಎಲೆಕ್ಟ್ರಾನುಗಳು ಎನ್‌ಎಡಿಪಿಎಚ್‌ವರೆಗೆ ಹೋಗದೆ ಒಳಗೇ ಸುತ್ತಿ ಬರುವ ಒಂದು ಬಳಸುದಾರಿ ಬೇಕಾಗುತ್ತದೆ.

ಹಿಂತಿರುಗುವ ಬಾಣದ ಬೆಲೆಯನ್ನು ಚಳ್ಳಕೆರೆಯ ಶೇಂಗಾ ಹೊಲ ತೋರಿಸುತ್ತದೆ. ಮಳೆ ಕೈಕೊಟ್ಟ ದಿನಗಳ ನಡುಹಗಲಿನಲ್ಲಿ ನೀರು ಉಳಿಸಲು ಎಲೆ ಪತ್ರರಂಧ್ರಗಳನ್ನು ಮುಚ್ಚಿದಾಗ, ಬೆಳಕು ಧಾರಾಳವಾಗಿರುತ್ತದೆ, ಇಂಗಾಲದ ಡೈಆಕ್ಸೈಡ್ ಮಾತ್ರ ಒಳಗೆ ಬರುವುದಿಲ್ಲ. ಅದು ಬರ್ಕ್ಲಿಯ ಎರಡನೆಯ ಪ್ರಯೋಗವೇ. ಆರ್‌ಯುಬಿಪಿಗೆ ಇಂಗಾಲದ ಡೈಆಕ್ಸೈಡನ್ನು ಸೇರಿಸುವ ರುಬಿಸ್ಕೋ ಎಂಬ ಕಿಣ್ವವು ಅದರ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ; ಎನ್‌ಎಡಿಪಿಎಚ್ ಖಾಲಿಯಾಗಿ ಮರಳುವುದು ನಿಧಾನವಾಗುತ್ತದೆ; ಎಲೆಕ್ಟ್ರಾನು ಇಳಿಸಲು ಜಾಗವಿಲ್ಲದೆ ಬೆಳಕಿನ ಕ್ರಿಯೆಯೂ ಹಿಂಜರಿಯುತ್ತದೆ. ಹೀರಿದ ಶಕ್ತಿಯ ಬಹುಪಾಲನ್ನು ಎಲೆ ಶಾಖವಾಗಿ ಕಳೆಯುತ್ತದೆ, ಸಣ್ಣದೊಂದು ಪಾಲು ಕೆಂಪು ಮಿನುಗಾಗಿ ಹೊರಬೀಳುತ್ತದೆ. ಈ ಮಿನುಗನ್ನು ಅಳೆಯುವ ಉಪಕರಣದಿಂದಲೇ ಬರದ ಒತ್ತಡದಲ್ಲಿ ಎಲೆಯ ಬೆಳಕಿನ ಕ್ರಿಯೆ ಹೇಗಿದೆ ಎಂಬುದನ್ನು ಎಲೆ ಕೀಳದೆ ಗುರುತಿಸುತ್ತಾರೆ.

‘ಕತ್ತಲೆ’ಯ ಹೆಸರು ಗಟ್ಟಿಯಾಗಲು ಇನ್ನೊಂದು ಕಾರಣವೂ ಇತ್ತು. ಕ್ಲೋರೋಪ್ಲಾಸ್ಟುಗಳು ಬೆಳಕಿನಲ್ಲಿ ಎಟಿಪಿ ತಯಾರಿಸುವುದನ್ನು 1954ರಲ್ಲಿ ತೋರಿಸಿದ್ದ ಡೇನಿಯಲ್ ಆರ್ನಾನ್ ಅವರ ತಂಡ, 1958ರಲ್ಲಿ ಎರಡೂ ಹಂತಗಳನ್ನು ನಿಜವಾಗಿಯೇ ಬೇರೆ ಮಾಡಿತು: ಬೆಳಕಿನಲ್ಲಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಗಳಿಸಿಕೊಂಡು, ಹಸಿರು ಭಾಗವನ್ನು ತೆಗೆದು, ಕ್ಲೋರೋಪ್ಲಾಸ್ಟಿನ ಸಾರದೊಂದಿಗೆ ಕತ್ತಲೆಯಲ್ಲಿ ಇಂಗಾಲವನ್ನು ಸೇರಿಸಿಕೊಳ್ಳುವಂತೆ ಮಾಡಿತು. ಪ್ರಯೋಗ ಸರಿ. ಆದರೆ ಜೀವಂತ ಎಲೆ ಹಾಗೆ ನಡೆದುಕೊಳ್ಳುವುದಿಲ್ಲ. 1970ರ ದಶಕದಲ್ಲಿ ಬಾಬ್ ಬುಕಾನನ್ ಮತ್ತು ಇತರರು ಬಿಡಿಸಿದಂತೆ, ಬೆಳಕಿನ ಕ್ರಿಯೆಯಿಂದ ಬಂದ ಎಲೆಕ್ಟ್ರಾನುಗಳ ಒಂದು ಪಾಲು ಥಯೋರೆಡಾಕ್ಸಿನ್ ಎಂಬ ಚಿಕ್ಕ ಪ್ರೋಟೀನಿನ ಮೂಲಕ ಕ್ಯಾಲ್ವಿನ್ ಆವರ್ತದ ಹಲವು ಕಿಣ್ವಗಳನ್ನು ಎಚ್ಚರಿಸುತ್ತದೆ. ಬೆಳಕು ಹೋದಾಗ ಅವು ಮತ್ತೆ ಮಂಕಾಗುತ್ತವೆ. ರಾತ್ರಿ ಎಟಿಪಿಯನ್ನು ಬೇರೆಲ್ಲಿಂದಲೋ ತಂದುಕೊಟ್ಟರೂ ಆ ಕಿಣ್ವಗಳು ಸರಿಯಾಗಿ ದುಡಿಯುವುದಿಲ್ಲ. ಹಾಗೆ ಮಂಕಾಗದಿದ್ದರೆ ಹಗಲು ಕಟ್ಟಿದ ಪಿಷ್ಟವನ್ನು ರಾತ್ರಿ ಒಡೆಯುವ ಎಲೆ, ಒಡೆದದ್ದನ್ನೇ ಮತ್ತೆ ಕಟ್ಟುತ್ತ ಶಕ್ತಿಯನ್ನು ವ್ಯರ್ಥ ಮಾಡುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ತರಗತಿಯಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ಚಿತ್ರದುರ್ಗದ ಬಂಡೆಗಳ ನಡುವಿನ ಪಾಪಸುಕಳ್ಳಿ, ಬದುವಿನ ಕತ್ತಾಳೆ, ಹಿತ್ತಿಲ ಕಾಡುಬಸಳೆ ಇವುಗಳು ರಾತ್ರಿಯೇ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಹೀರುತ್ತವಲ್ಲ? ಹೀರುತ್ತವೆ, ಆದರೆ ಕ್ಯಾಲ್ವಿನ್ ಆವರ್ತಕ್ಕೆ ಕೊಡುವುದಿಲ್ಲ. ಬೇರೊಂದು ಕಿಣ್ವದಿಂದ ಅದನ್ನು ಮ್ಯಾಲಿಕ್ ಆಮ್ಲವಾಗಿ ಕಟ್ಟಿ ಕೋಶದೊಳಗೆ ಕೂಡಿಡುತ್ತವೆ. ಮೈಸೂರು ಸೀಮೆಯ ಸರ್ವೆಯಲ್ಲಿ ದುಡಿದಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇರುವುದಿಲ್ಲ ಎಂದು 1813ರಲ್ಲಿ ಪತ್ರ ಬರೆದಿದ್ದರು. ಅವರು ನಾಲಿಗೆಯಿಂದ ಅಳೆದದ್ದನ್ನು ನಾವು ಪಿಎಚ್ ಕಾಗದದಿಂದ ಅಳೆಯುತ್ತೇವೆ: ಬೆಳಗಿನ ಎಲೆಯ ರಸ ಕಾಗದವನ್ನು ಕೆಂಪಿನತ್ತ ಒಯ್ಯುತ್ತದೆ, ಸಂಜೆಯದು ಅಷ್ಟಾಗಿ ಒಯ್ಯುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ, ರಂಧ್ರಗಳು ಮುಚ್ಚಿದ ಎಲೆಯೊಳಗೆ, ಆಮ್ಲದಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೋ ಬಿಸಿಲಿನ ಎಟಿಪಿ ಬರುತ್ತಿರುವಾಗಲೇ ಹಿಡಿದಿರುತ್ತದೆ.